ಹಳೆಯ ಹಾಳೆಗಳ ಸಾಕ್ಷಿ

ಕಳೆದ ವರ್ಷದ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನನ್ನ ಮೇಜಿನ ಮೇಲೆ ಎರಡು ಪ್ರಬಂಧಗಳು ಬಂದು ಬಿದ್ದವು. ಪುಣೆಯ ಪದವಿ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಕಲಿಸಲು ತೊಡಗಿ ಇಪ್ಪತ್ತೆರಡು ವರ್ಷಗಳಾದವು. ಪ್ರಬಂಧಗಳ ರಾಶಿ ನನಗೆ ಹೊಸದಲ್ಲ. ಆದರೆ ಇವೆರಡಕ್ಕೂ ಒಂದೊಂದು ವರದಿಯನ್ನು ಪಿನ್ ಮಾಡಿದ್ದರು. ಒಂದರ ಮೇಲೆ ಶೇ. 71, ಇನ್ನೊಂದರ ಮೇಲೆ ಶೇ. 64. ಬರಹದ ಅಷ್ಟು ಭಾಗ ಕೃತಕ ಬುದ್ಧಿಮತ್ತೆಯದು ಎಂದು ಪತ್ತೆ ತಂತ್ರಾಂಶ ಹೇಳಿತ್ತು. ಇಬ್ಬರೂ ಬಿ.ಎ. ಎರಡನೆಯ ವರ್ಷದವರು, ನಾಲ್ಕನೆಯ ಸೆಮಿಸ್ಟರ್. ಆರೋಪ ನಿಜವೆಂದು ತೀರ್ಮಾನವಾದರೆ ಆಂತರಿಕ ಮೌಲ್ಯಮಾಪನದಲ್ಲಿ ಸೊನ್ನೆ. ಆಂತರಿಕದಲ್ಲಿ ಸೊನ್ನೆ ಬಂದರೆ ಆ ವಿಷಯವೇ ನಪಾಸು. ಅದನ್ನು ವಿಚಾರಿಸಲು ನೇಮಿಸಿದ ಮೂವರಲ್ಲಿ ನಾನೂ ಒಬ್ಬಳು.

ನಿಜ ಹೇಳಬೇಕೆಂದರೆ ನಾನು ವರದಿಯನ್ನು ನಂಬಿದೆ. ಶೇ. 71 ಬಂದಿದ್ದ ಹುಡುಗನನ್ನು ನಾನು ಬಲ್ಲೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವನು. ತಂದೆ ಇಲ್ಲಿ ಗೌಂಡಿ ಕೆಲಸ ಮಾಡುತ್ತಾರೆ. ಏಳನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಕಲಿತು, ಆಮೇಲೆ ಪುಣೆಗೆ ಬಂದವನು. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಒಂದು ವಾಕ್ಯ ಆಡಬೇಕಾದರೆ ಮೊದಲು ಕಿಟಕಿಯತ್ತ ನೋಡುತ್ತಿದ್ದ. ಅಂಥವನು ಆರ್. ಕೆ. ನಾರಾಯಣರ ‘ಆ್ಯನ್ ಆಸ್ಟ್ರಾಲಜರ್ಸ್ ಡೇ’ ಕತೆಯ ಮೇಲೆ ಸಾವಿರದ ಐನೂರು ಪದಗಳ ಪ್ರಬಂಧವನ್ನು ಒಂದೂ ತಪ್ಪಿಲ್ಲದೆ ಬರೆದಿದ್ದ. ತಂತ್ರಾಂಶ ಹೇಳದಿದ್ದರೂ ನನಗೆ ಅನುಮಾನ ಬರುತ್ತಿತ್ತೆಂದು ಈಗ ಒಪ್ಪಿಕೊಳ್ಳಬೇಕು.

ಅವನನ್ನು ಕರೆಸಿದೆವು. ಹೊರಗೆ ಕಾರಿಡಾರಿನಲ್ಲೇ ನನ್ನನ್ನು ತಡೆದು ಕನ್ನಡದಲ್ಲಿ ಹೇಳಿದ: “ನಾನ ಬರದೀನ್ರಿ ಮೇಡಂ. ಫೈಲ್ ತಂದೀನ್ರಿ, ಒಮ್ಮೆ ನೋಡ್ರಿ.” ಕೈಯಲ್ಲಿ ದಾರ ಕಟ್ಟಿದ ರಟ್ಟಿನ ಫೈಲು. ಅದನ್ನು ಎಲ್ಲೋ ನೋಡಿದ ಹಾಗಿತ್ತು. ಒಳಗೆ ತೆರೆದಾಗ ನೆನಪಾಯಿತು. ಮೊದಲ ಸೆಮಿಸ್ಟರಿನಲ್ಲಿ ನಾನೇ ಮಾಡಿಸಿದ್ದು. ಬರಹಗಳ ಕಡತವೊಂದನ್ನು ಇಟ್ಟುಕೊಂಡು ಬಂದವರಿಗೆ ಐದು ಅಂಕ ಎಂದಿದ್ದೆ. ಅಂಕ ಕೊಟ್ಟು ಮರೆತಿದ್ದೆ. ತರಗತಿಯ ಉಳಿದವರು ಆ ಫೈಲುಗಳನ್ನು ಏನು ಮಾಡಿದರೋ ತಿಳಿಯದು. ಇವನು ಮಾತ್ರ ನಾಲ್ಕು ಸೆಮಿಸ್ಟರುಗಳಿಂದ ಅದಕ್ಕೆ ಹಾಳೆ ಸೇರಿಸುತ್ತಲೇ ಬಂದಿದ್ದ. “ಯಾಕಪ್ಪಾ?” ಎಂದು ಕೇಳಿದರೆ, “ನೀವು ಒಗೀರಿ ಅಂತ ಹೇಳಲಿಲ್ರಿ” ಎಂದ.

ಆ ಫೈಲು ಏನನ್ನು ಸಾಬೀತುಪಡಿಸಿತು ಎಂಬುದು ತಿಳಿಯಬೇಕಾದರೆ, ಆ ಶೇ. 71 ಎಂಬ ಅಂಕೆ ಏನನ್ನು ಹೇಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಕೃತಿಚೌರ್ಯದ ವರದಿಯಲ್ಲಿ ಎಡಕ್ಕೆ ವಿದ್ಯಾರ್ಥಿಯ ವಾಕ್ಯ, ಬಲಕ್ಕೆ ಮೂಲ ಲೇಖನದ ವಾಕ್ಯ ಇರುತ್ತದೆ. ಕದ್ದಿದ್ದರೆ ಕಣ್ಣಿಗೆ ಕಾಣುತ್ತದೆ. ಯು.ಜಿ.ಸಿ.ಯ 2018ರ ನಿಯಮಗಳೂ ಇಂಥ ಹೋಲಿಕೆಯ ಪ್ರಮಾಣವನ್ನೇ ಆಧಾರವಾಗಿಟ್ಟುಕೊಂಡವು. ಶೇ. 10ರವರೆಗೆ ದಂಡವಿಲ್ಲ, ಅದರಾಚೆಗೆ ಮೆಟ್ಟಿಲು ಮೆಟ್ಟಿಲಾಗಿ ಶಿಕ್ಷೆ. ಕೃತಕ ಬುದ್ಧಿಮತ್ತೆಯ ವರದಿಯಲ್ಲಿ ಆ ಬಲಬದಿಯೇ ಇಲ್ಲ. ತೋರಿಸಲು ಮೂಲವೊಂದು ಇಲ್ಲ. ಒಂದು ಪದದ ನಂತರ ಬರುವ ಪದ ಎಷ್ಟು ಸುಲಭವಾಗಿ ಊಹೆಗೆ ಸಿಗುತ್ತದೆ, ವಾಕ್ಯಗಳ ಉದ್ದ ಎಷ್ಟು ಏರಿಳಿಯುತ್ತದೆ ಎಂಬಂಥ ಲಕ್ಷಣಗಳಿಂದ ಇಂಥ ತಂತ್ರಾಂಶಗಳು ಒಂದು ಸಂಭವನೀಯತೆಯನ್ನು ಕಟ್ಟುತ್ತವೆ. ಎಲ್ಲವೂ ಊಹಿಸಿದಂತೆಯೇ, ಒಂದೇ ಸಮನಾಗಿ ಸಾಗಿದರೆ ಯಂತ್ರದ್ದಿರಬೇಕು ಎನ್ನುತ್ತವೆ.

ಇಂಗ್ಲಿಷನ್ನು ಎರಡನೆಯದಾಗಿಯೋ ಮೂರನೆಯದಾಗಿಯೋ ಕಲಿತವರು ಬರೆಯುವುದೇ ಹಾಗೆ. ಗೈಡಿನಲ್ಲಿ ಕಂಠಪಾಠ ಮಾಡಿದ ‘ಮೊರೋವರ್’, ‘ಇನ್ ಕನ್‌ಕ್ಲೂಷನ್’ಗಳ ಮೇಲೆ ಕಾಲಿಟ್ಟುಕೊಂಡೇ ಹೊಳೆ ದಾಟುತ್ತೇವೆ. ನೀರಿಗಿಳಿಯುವ ಧೈರ್ಯ ಸುಲಭಕ್ಕೆ ಬರುವುದಿಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಇಂಗ್ಲಿಷ್ ತಾಯಿನುಡಿಯಲ್ಲದವರು ಟೋಫೆಲ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ತಂತ್ರಾಂಶಗಳಿಗೆ ಕೊಟ್ಟು ನೋಡಿದರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಶೇ. 61ಕ್ಕೂ ಹೆಚ್ಚನ್ನು ಅವು ಯಂತ್ರದ್ದೆಂದವು. ಅಮೆರಿಕದ ಎಂಟನೆಯ ತರಗತಿಯ ಮಕ್ಕಳ ಬರಹವನ್ನು ಮಾತ್ರ ಬಹುಮಟ್ಟಿಗೆ ಸರಿಯಾಗಿಯೇ ಗುರುತಿಸಿದವು. ಅದೇ ಟೋಫೆಲ್ ಪ್ರಬಂಧಗಳನ್ನು ಚಾಟ್‌ಜಿಪಿಟಿಗೆ ಕೊಟ್ಟು, ಶಬ್ದಗಳನ್ನು ಶ್ರೀಮಂತಗೊಳಿಸು ಎಂದು ಹೇಳಿ, ಮತ್ತೆ ಪರೀಕ್ಷಿಸಿದಾಗ ತಪ್ಪು ಆರೋಪಗಳು ತೀರಾ ಕಡಿಮೆಯಾದವು. ಯಂತ್ರದ ನೆರವು ಪಡೆದವನು ಮನುಷ್ಯನಾದ, ಪಡೆಯದವನು ಯಂತ್ರವಾದ! ತಂತ್ರಾಂಶಗಳು ಆಮೇಲೆ ಸುಧಾರಿಸಿರಬಹುದು. ಆದರೂ ಓಪನ್‌ಎಐ ಸಂಸ್ಥೆಯೇ ತಾನು 2023ರ ಜನವರಿಯಲ್ಲಿ ತಂದ ಪತ್ತೆ ಸಾಧನವನ್ನು, ನಿಖರತೆ ಸಾಲದೆಂದು, ಅದೇ ಜುಲೈಯಲ್ಲಿ ಹಿಂತೆಗೆದುಕೊಂಡಿತು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಅದೇ ವರ್ಷ ಇಂಥ ಸೌಲಭ್ಯವನ್ನು ನಿಲ್ಲಿಸುವಾಗ ಒಂದು ಸಾದಾ ಲೆಕ್ಕ ಮುಂದಿಟ್ಟಿತು: ಹಿಂದಿನ ವರ್ಷ ತಾನು ಪರೀಕ್ಷೆಗೆ ಒಳಪಡಿಸಿದ ಬರಹಗಳು 75,000. ನೂರಕ್ಕೆ ಒಂದು ತಪ್ಪಾದರೂ ಸುಮಾರು 750 ಬರಹಗಳ ಮೇಲೆ ಸುಳ್ಳು ಆರೋಪ.

ಇದೆಲ್ಲ ನನಗೆ ಆ ಮಧ್ಯಾಹ್ನ ಗೊತ್ತಿರಲಿಲ್ಲ. ಫೈಲಿನ ದೆಸೆಯಿಂದ ಓದಿಕೊಂಡೆ.

ಫೈಲಿನ ತಳದಲ್ಲಿದ್ದುದು ಮೊದಲ ಸೆಮಿಸ್ಟರಿನ ಮೊದಲ ವಾರ ತರಗತಿಯಲ್ಲೇ ನಲವತ್ತು ನಿಮಿಷ ಕೂರಿಸಿ ಬರೆಸಿದ ಎರಡು ಪುಟ. ಕೈಬರಹ. ಮೇಲೆ ದಿನಾಂಕ, ಕೆಳಗೆ ನನ್ನ ಸಹಿ. ಅದರ ಮೇಲೆ ನಾನು ಕೆಂಪು ಶಾಯಿಯಲ್ಲಿ ತಿದ್ದಿದ್ದ ಮೊದಲ ಅಸೈನ್‌ಮೆಂಟು. ಎರಡನೆಯ ಸೆಮಿಸ್ಟರಿನ ಕಿರುಪರೀಕ್ಷೆಯ ಉತ್ತರ ಪತ್ರಿಕೆ, ಇದೂ ಮೇಲ್ವಿಚಾರಣೆಯಲ್ಲಿ ಬರೆದದ್ದು. ಮೂರನೆಯ ಸೆಮಿಸ್ಟರಿನಲ್ಲಿ ಟೈಪು ಮಾಡಿದ ಒಂದು ಪ್ರಬಂಧ, ಅದಕ್ಕೂ ಮೊದಲಿನ ಕೈಬರಹದ ಕರಡು. ಕೊನೆಗೆ ಈಗಿನ ಪ್ರಬಂಧದ ಮೂರು ಕರಡುಗಳು. ಇವುಗಳ ಜೊತೆಗೆ, ಫೈಲಿಗೆ ಸೇರಬೇಕಾದುದೇ ಅಲ್ಲದ, ಹನ್ನೆರಡನೆಯ ತರಗತಿಯ ಇಂಗ್ಲಿಷ್ ನೋಟುಪುಸ್ತಕ. ಅದರಲ್ಲಿ ಶಾಲೆಯ ಶಿಕ್ಷಕರ ಸಹಿ, 2022ರ ಆಗಸ್ಟಿನದು. ಚಾಟ್‌ಜಿಪಿಟಿ ಜಗತ್ತಿಗೆ ತೆರೆದದ್ದು ಆ ವರ್ಷದ ನವೆಂಬರ್ 30ರಂದು. ಅದಕ್ಕೂ ಹಿಂದಿನ ಬರಹದ ಮೇಲೆ ಈ ಅನುಮಾನ ಅಂಟುವುದು ಕಷ್ಟ ಎಂಬುದು ಅವನಿಗೆ ಹೊಳೆದಿತ್ತು, ನಮಗೆ ಹೊಳೆದಿರಲಿಲ್ಲ.

ಆ ಹಾಳೆಗಳನ್ನು ಮನೆಗೆ ಒಯ್ದು ಎರಡು ರಾತ್ರಿ ಕುಳಿತೆ. ವಿಚಾರ ಎಷ್ಟು ಪ್ರೌಢ, ಶಬ್ದಸಂಪತ್ತು ಎಷ್ಟು ಎಂದು ನೋಡಲು ಹೊರಟರೆ ಹೋಲಿಕೆ ಕೆಟ್ಟಿತು. ಹದಿನೆಂಟು ವರ್ಷದವನು ಇಪ್ಪತ್ತಕ್ಕೆ ಬರುವಷ್ಟರಲ್ಲಿ ಅವು ಬದಲಾಗಲೇಬೇಕು. ಬದಲಾಗದೆ ಉಳಿಯುವವು ಚಿಕ್ಕ ಪದಗಳು. ಅಮೆರಿಕದ ‘ಫೆಡರಲಿಸ್ಟ್’ ಲೇಖನಮಾಲೆಯ ಹನ್ನೆರಡು ಲೇಖನಗಳನ್ನು ಹ್ಯಾಮಿಲ್ಟನ್ ಬರೆದದ್ದೋ ಮ್ಯಾಡಿಸನ್ ಬರೆದದ್ದೋ ಎಂಬ ಹಳೆಯ ವ್ಯಾಜ್ಯವಿತ್ತು. ಮಾಸ್ಟೆಲರ್ ಮತ್ತು ವಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1964ರಲ್ಲಿ ಅದನ್ನು ಬಿಡಿಸಿದ್ದು ಇಂಥ ಪುಡಿ ಪದಗಳನ್ನು ಎಣಿಸಿ. ಹ್ಯಾಮಿಲ್ಟನ್ ಮಾತುಮಾತಿಗೆ ‘ಅಪಾನ್’ ಎನ್ನುತ್ತಿದ್ದ, ಮ್ಯಾಡಿಸನ್ ಬಲು ಅಪರೂಪಕ್ಕೆ. ವಿವಾದದ ಲೇಖನಗಳು ಮ್ಯಾಡಿಸನ್ನನ ಕಡೆಗೆ ವಾಲಿದವು. ಅವರ ಗಣಿತ ನನಗೆ ದೂರ. ಪೆನ್ಸಿಲು ಹಿಡಿದು ಗುರುತು ಹಾಕುವುದು ಮಾತ್ರ ಬರುತ್ತದೆ.

ಹುಡುಗನ ಗುರುತುಗಳು ಮೂರು ಸಿಕ್ಕವು. ಕಾರಣ ಹೇಳುವಾಗಲೆಲ್ಲ ‘ಡ್ಯೂ ಟು ವಿಚ್’ ಎಂದು ವಾಕ್ಯವನ್ನು ಮುಂದಕ್ಕೆ ಎಳೆಯುತ್ತಾನೆ. ನಮ್ಮ ‘ಆದ್ದರಿಂದ’ದ ನೆರಳು ಅದು. ನೋಟುಪುಸ್ತಕದಲ್ಲೂ ಇತ್ತು, ಕಿರುಪರೀಕ್ಷೆಯಲ್ಲೂ ಇತ್ತು, ಆರೋಪ ಹೊತ್ತ ಪ್ರಬಂಧದಲ್ಲಿ ನಾಲ್ಕು ಕಡೆ ಇತ್ತು. ಎರಡನೆಯದು, ಒಂದು ಮಾತನ್ನು ಒತ್ತಿ ಹೇಳಬೇಕಾದಾಗ ‘ಓನ್ಲಿ’ಯನ್ನು ಪದದ ಹಿಂದೆ ಇಡುತ್ತಾನೆ, ಕನ್ನಡದ ‘ಏ’ಕಾರದ ಹಾಗೆ. ಮೂರನೆಯದು, ಪ್ಯಾರಾದ ಕೊನೆಗೆ ಒಂದು ಪ್ರಶ್ನೆ ಕೇಳಿ, ಮುಂದಿನ ಪ್ಯಾರಾದ ಮೊದಲ ವಾಕ್ಯದಲ್ಲಿ ತಾನೇ ಉತ್ತರಿಸುತ್ತಾನೆ. ಯಾವ ಗೈಡೂ ಇದನ್ನು ಕಲಿಸುವುದಿಲ್ಲ. ಊರಿನ ಮೇಷ್ಟ್ರೊಬ್ಬರು ಪಾಠ ಹೇಳುತ್ತಿದ್ದ ರೀತಿಯಂತೆ ಅದು. ಆಮೇಲೆ ಅವನೇ ಹೇಳಿದ.

ಆದರೆ ಒಂದು ಕಡೆ ಲೆಕ್ಕ ಕೂಡಲಿಲ್ಲ. ಹಳೆಯ ಬರಹಗಳಲ್ಲೆಲ್ಲ ‘ಎ’, ‘ದ’ ಎಂಬ ಉಪಪದಗಳನ್ನು ಅವನು ಮನಬಂದಂತೆ ಬಿಟ್ಟಿದ್ದ. ಕನ್ನಡಕ್ಕೆ ಅವು ಬೇಡವಾದ್ದರಿಂದ ನಮಗೆಲ್ಲ ಇರುವ ಕಾಯಿಲೆ. ಪ್ರಬಂಧದಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಅಲ್ಲೇ ಬೆರಳಿಟ್ಟರು: “ಇವನ ಕಡತವೇ ಇವನ ವಿರುದ್ಧ ಹೇಳುತ್ತಿದೆಯಲ್ಲ?” ಮಾತು ಸುಳ್ಳಾಗಿರಲಿಲ್ಲ. ಹಳೆಯ ಬರಹ ಒಂದು ತುದಿಯಲ್ಲಿ, ಅಚ್ಚುಕಟ್ಟಾದ ಹೊಸ ಬರಹ ಇನ್ನೊಂದು ತುದಿಯಲ್ಲಿ ಇದ್ದು ನಡುವೆ ಏನೂ ಇಲ್ಲದಿದ್ದರೆ, ಕಡತ ಕಾಪಾಡುವುದಿಲ್ಲ, ಕೆಡವುತ್ತದೆ.

ನಡುವಿನದು ಅವನ ಬಳಿ ಇತ್ತು. ಪ್ರಬಂಧವನ್ನು ಗೂಗಲ್ ಡಾಕ್ಸ್‌ನಲ್ಲಿ ಟೈಪು ಮಾಡಿದ್ದ. ಕಾಲೇಜಿನ ಗಣಕಯಂತ್ರದಲ್ಲಿ ಅವನ ಖಾತೆ ತೆರೆಸಿ File > Version history > See version history ಒತ್ತಿದೆವು. ಹನ್ನೊಂದು ದಿನ, ಹದಿನಾಲ್ಕು ಬೈಠಕ್ಕು. ಒಂದು ರಾತ್ರಿ ಇಡೀ ಪ್ಯಾರಾ ಬರೆದು ಮರುದಿನ ಅಳಿಸಿದ್ದ. ಹತ್ತನೆಯ ದಿನದವರೆಗೂ ಉಪಪದಗಳು ಹಳೆಯ ಹಾಗೆಯೇ ಕಾಣೆಯಾಗಿದ್ದವು. ಹನ್ನೊಂದನೆಯ ದಿನ ಒಂದೇ ತಾಸಿನಲ್ಲಿ ಎಲ್ಲವೂ ಬಂದು ಕೂತಿದ್ದವು. ಕೇಳಿದೆವು. ವ್ಯಾಕರಣ ತಿದ್ದುವ ಒಂದು ಉಚಿತ ತಂತ್ರಾಂಶಕ್ಕೆ ಕೊಟ್ಟಿದ್ದೆ ಎಂದ. ಅದು ಕೂಡದೆಂದು ನಮ್ಮ ಸೂಚನೆಯಲ್ಲಿ ಎಲ್ಲೂ ಇರಲಿಲ್ಲ. ಬಹುಶಃ ಅಂಕೆ ಶೇ. 71ಕ್ಕೆ ಏರಲು ಆ ತಿದ್ದುಪಡಿಯೂ ಒಂದು ಕಾರಣವಿರಬಹುದು. ಇಂಥ ಸಾಧನಗಳು ಬರಹದ ಏರುಪೇರುಗಳನ್ನು ಉಜ್ಜಿ ಸಪಾಟು ಮಾಡುತ್ತವೆ. ಅಳಿಸಿದ ಪ್ಯಾರಾದ ಬಗ್ಗೆ ನಾನೇ ಕೇಳಿದೆ. “ಜ್ಯೋತಿಷಿ ಹೆಂಡತಿಗೆ ಯಾಕ ಎಲ್ಲಾ ಹೇಳ್ತಾನ ಅಂತ ಬರದಿದ್ದೆ ರೀ. ಮರುದಿನ ಕತಿ ಮತ್ತೊಮ್ಮೆ ಓದಿದೆ, ನನ್ನ ಉತ್ತರ ತಪ್ಪನಿಸ್ತು” ಎಂದ. ಆರೋಪ ಬಿದ್ದುಹೋಯಿತು.

ಈ ಇತಿಹಾಸವೂ ನಂಬಿ ಕೂರುವಂಥದ್ದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಕಡತವನ್ನು ಡಾಕ್ಸ್‌ನಲ್ಲಿ ನಕಲು ಮಾಡಿಕೊಂಡರೆ ಹೊಸ ಪ್ರತಿಯ ಜೊತೆಗೆ ಹಳೆಯ ಇತಿಹಾಸ ಬರುವುದಿಲ್ಲ. ವರ್ಡ್ ಕಡತವಾಗಿ ಇಳಿಸಿಕೊಂಡರೂ ಅಷ್ಟೆ. ಬೇರೆ ಕಡೆ ಬರೆದು ಒಟ್ಟಿಗೆ ತಂದು ಅಂಟಿಸಿದರೆ ಇತಿಹಾಸದಲ್ಲಿ ಒಂದೇ ಜಿಗಿತ ಕಾಣುತ್ತದೆ, ಅದು ಮತ್ತಷ್ಟು ಅನುಮಾನಕ್ಕೆ ದಾರಿ. ಕಾಲೇಜು ಕೊಟ್ಟ ಮಿಂಚಂಚೆಯ ಖಾತೆಯಲ್ಲಿ ಬರೆದವರು, ಖಾತೆ ಮುಚ್ಚಿದ ದಿನ ಅದರೊಳಗಿನ ಎಲ್ಲವನ್ನೂ ಕಳೆದುಕೊಳ್ಳಬಹುದು. ಮೇಲಾಗಿ, ಯಂತ್ರದ ಬರಹವನ್ನು ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಟೈಪು ಮಾಡುವವನ ಇತಿಹಾಸವೂ ಪ್ರಾಮಾಣಿಕವಾಗಿಯೇ ಕಾಣುತ್ತದೆ. ಅದನ್ನು ಹಿಡಿಯುವುದು ಹಳೆಯ ಬರಹದೊಡನೆ ಮಾಡಿದ ಹೋಲಿಕೆ. ಹೋಲಿಕೆಯಲ್ಲಿ ಕಾಣುವ ಜಿಗಿತಕ್ಕೆ ವಿವರಣೆ ಕೊಡುವುದು ಕರಡು. ಎರಡೂ ಬೇಕು. ವಿದ್ಯಾರ್ಥಿ ತನ್ನ ಬಳಿಯೇ ಇಟ್ಟುಕೊಂಡ ಕಡತದ ದಿನಾಂಕಕ್ಕಿಂತ, ಬೇರೆಯವರ ಕಣ್ಣಿಗೆ ಬಿದ್ದ ದಿನಾಂಕಕ್ಕೆ ತೂಕ ಹೆಚ್ಚು. ಶಿಕ್ಷಕರ ಸಹಿ, ಮೇಲ್ವಿಚಾರಣೆಯ ಪರೀಕ್ಷೆ, ಆಯಾ ದಿನ ಕಳಿಸಿದ ಮಿಂಚಂಚೆ ಅಂಥವು.

ಈಗ ಎರಡನೆಯ ಪ್ರಬಂಧಕ್ಕೆ ಬರುತ್ತೇನೆ. ಬರಲು ಮನಸ್ಸಿಲ್ಲದ್ದರಿಂದಲೇ ಇಷ್ಟು ಹೊತ್ತು ಹುಡುಗನ ಬಗ್ಗೆ ಬರೆದೆನೇನೋ.

ಶೇ. 64ರ ಹುಡುಗಿ ಮರಾಠಿಯವಳು. ತರಗತಿಯಲ್ಲಿ ಚುರುಕು. ಅವಳ ಬಳಿ ಏನೂ ಇರಲಿಲ್ಲ. ಪ್ರಬಂಧವನ್ನು ಫೋನಿನ ಟಿಪ್ಪಣಿಯಲ್ಲಿ ಬರೆದು, ಕೊನೆಗೆ ಅಂಟಿಸಿ ಕಳಿಸಿದ್ದಳು. ಟಿಪ್ಪಣಿಯನ್ನು ಅಳಿಸಿಬಿಟ್ಟಿದ್ದಳು. ಮೊದಲ ಸೆಮಿಸ್ಟರಿನ ಫೈಲನ್ನು ಮನೆಯವರು ರದ್ದಿಗೆ ಹಾಕಿದ್ದರು. “ನಾನೇ ಬರೆದೆ” ಎಂಬುದಷ್ಟೇ ಅವಳ ಸಾಕ್ಷಿ. ಬರೆದಿಲ್ಲವೆಂಬುದಕ್ಕೆ ನಮ್ಮ ಬಳಿಯೂ ಒಂದು ಅಂಕೆಯ ಹೊರತು ಏನೂ ಇರಲಿಲ್ಲ. ನ್ಯಾಯ ದೊರಕಿಸುವ ಉತ್ಸಾಹದಲ್ಲಿ ಸಮಿತಿ ಒಂದು ಉಪಾಯ ಮಾಡಿತು. ಎರಡು ತಾಸು ನಮ್ಮೆದುರು ಕೂತು ಅದೇ ಮಾದರಿಯ ಪ್ರಬಂಧ ಬರೆಯಲಿ, ಹೋಲಿಸೋಣ ಎಂದಿತು. ಅವಳು ಬಂದಳು. ಪರೀಕ್ಷಾ ವಿಭಾಗದ ಮೂಲೆಯ ಮೇಜಿನಲ್ಲಿ ಕೂತಳು. ಎರಡು ತಾಸಿನಲ್ಲಿ ಒಂದೂವರೆ ಪುಟ ಬರೆದಳು, ಅರ್ಧದಷ್ಟು ಹೊಡೆದುಹಾಕಿದ್ದು. ಪ್ರಬಂಧಕ್ಕೂ ಅದಕ್ಕೂ ಹೋಲಿಕೆ ಇರಲಿಲ್ಲ. ಸೊನ್ನೆ ಕೊಡಲು ಮೂವರೂ ಸಹಿ ಮಾಡಿದೆವು. ನಾನೂ ಮಾಡಿದೆ.

ಮೂರು ವಾರ ಮನೆಯಲ್ಲಿ ಬರೆದುದನ್ನು, ಆರೋಪಿಯಾಗಿ ಮೂವರ ಎದುರು ಕೂತು ಎರಡು ತಾಸಿನಲ್ಲಿ ಬರೆದುದರೊಡನೆ ಹೋಲಿಸಿದ್ದೇ ತಪ್ಪು. ಹೋಲಿಕೆಗೆ ಒಂದೇ ಜಾತಿಯ ಬರಹ ಬೇಕು, ಆರೋಪ ಹುಟ್ಟುವ ಮೊದಲೇ ಬರೆದದ್ದಾಗಿರಬೇಕು. ಹುಡುಗನ ಮೂರನೆಯ ಸೆಮಿಸ್ಟರಿನ ಪ್ರಬಂಧ ಅಷ್ಟು ಉಪಯೋಗಕ್ಕೆ ಬಂದದ್ದು ಅದೂ ಮನೆಯಲ್ಲೇ, ಅಷ್ಟೇ ಬಿಡುವಿನಲ್ಲಿ ಬರೆದ ಪ್ರಬಂಧವಾಗಿದ್ದರಿಂದ. ಇದನ್ನು ಹುಡುಗನ ಹಾಳೆಗಳಿಂದ ಕಲಿತ ಮೇಲೂ ಹುಡುಗಿಯ ವಿಷಯದಲ್ಲಿ ಅನ್ವಯಿಸಲು ನನಗೆ ತೋಚಲಿಲ್ಲ.

ಇನ್ನೊಂದು ತೋಚದಿದ್ದುದಂತೂ ಜೂನ್ ತಿಂಗಳಲ್ಲಿ, ಮುಂಬೈಯ ವಕೀಲ ಮಿತ್ರರೊಬ್ಬರ ಮನೆಯಲ್ಲಿ ಊಟಕ್ಕೆ ಕೂತಾಗ ತಿಳಿಯಿತು. ಹುಡುಗಿಯ ಮೊದಲ ವರ್ಷದ ವಿಶ್ವವಿದ್ಯಾಲಯ ಪರೀಕ್ಷೆಯ ಉತ್ತರ ಪತ್ರಿಕೆಗಳು ಎಲ್ಲೋ ಕಪಾಟಿನಲ್ಲಿ ಇದ್ದಿರಬೇಕಲ್ಲ, ಕೇಳಲಿಲ್ಲವೇ ಎಂದರು ಅವರು. ಮೌಲ್ಯಮಾಪನವಾದ ಉತ್ತರ ಪತ್ರಿಕೆ ಮಾಹಿತಿ ಹಕ್ಕಿನಡಿ ‘ಮಾಹಿತಿ’ಯೇ, ಬರೆದ ವಿದ್ಯಾರ್ಥಿ ಅದರ ಪ್ರತಿ ಪಡೆಯಬಹುದು ಎಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲೇ ಸಿ.ಬಿ.ಎಸ್.ಇ. ಮತ್ತು ಆದಿತ್ಯ ಬಂದೋಪಾಧ್ಯಾಯರ ಪ್ರಕರಣದಲ್ಲಿ ತೀರ್ಪಿತ್ತಿದೆ. ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಪತ್ರಿಕೆಗಳನ್ನು ಇಟ್ಟುಕೊಳ್ಳುವ ಅವಧಿ ಮುಗಿದು ನಾಶವಾಗುವುದರೊಳಗೆ ಕೇಳಬೇಕು, ಅಷ್ಟೆ. ನಮ್ಮ ದೇಶದ ವಿದ್ಯಾರ್ಥಿ ವರ್ಷಕ್ಕೆರಡು ಸಲ, ಕಾವಲಿನಲ್ಲಿ, ಸ್ವಂತ ಕೈಯಿಂದ, ಪುಟಗಟ್ಟಲೆ ಬರೆಯುತ್ತಾನೆ. ಇದಕ್ಕಿಂತ ಗಟ್ಟಿಯಾದ ಕಡತ ಬೇರೆ ಯಾವುದಿದೆ? ಅದು ಅವಸರದ ಬರಹ ನಿಜ, ಪ್ರಬಂಧಕ್ಕೆ ಸರಿಜೋಡಿಯಲ್ಲ. ಆದರೆ ಪುಡಿ ಪದಗಳು ಅವಸರದಲ್ಲೂ ಉಳಿಯುತ್ತವೆ.

ಈಗ ನನ್ನ ತರಗತಿಯಲ್ಲಿ ಕಡತಕ್ಕೆ ಐದು ಅಂಕವಿಲ್ಲ, ಆರು ಸೆಮಿಸ್ಟರಿನ ಕಟ್ಟಳೆಯಿದೆ. ಪ್ರತಿ ಸೆಮಿಸ್ಟರಿಗೆ ಎದುರಿಗೆ ಬರೆದ ಒಂದು ಕೈಬರಹ, ಮನೆಯಲ್ಲಿ ಬರೆದ ಒಂದು ಪ್ರಬಂಧ ಮತ್ತು ಅದರ ಒಂದಾದರೂ ಕರಡು. ಮೂರಕ್ಕೂ ನನ್ನ ಸಹಿ, ದಿನಾಂಕ. ವ್ಯಾಕರಣ ತಿದ್ದಿಸಿದ್ದರೆ ಯಾವುದರಿಂದ, ಯಾವಾಗ ಎಂದು ಅಂಚಿನಲ್ಲಿ ಒಂದು ಸಾಲು. ತಪ್ಪು ಮಾಡದವರು ತಮ್ಮ ನಿರಪರಾಧವನ್ನು ಮೂರು ವರ್ಷ ಹೊತ್ತು ತಿರುಗಬೇಕೇ ಎಂದು ಕಿರಿಯ ಸಹೋದ್ಯೋಗಿಯೊಬ್ಬಳು ಕೇಳಿದಳು. ಬೇಕಾಗಿರಬಾರದು. ಅಂಕೆಯೊಂದನ್ನೇ ನೆಚ್ಚಿ ಯಾರನ್ನೂ ಕರೆಸಕೂಡದೆಂದು ಸಮಿತಿಯಲ್ಲಿ ವಾದಿಸುತ್ತಿದ್ದೇನೆ, ಇನ್ನೂ ಗೆದ್ದಿಲ್ಲ. ಗೆಲ್ಲುವವರೆಗೆ ಫೈಲು ಇರಲಿ ಎಂದೆ.

ಜೂನ್‌ನ ಆ ಊಟದ ಮರುದಿನವೇ ಹುಡುಗಿಗೆ ಫೋನು ಮಾಡಿದ್ದೆ. ಉತ್ತರ ಪತ್ರಿಕೆಯ ವಿಷಯ ಹೇಳಿ, ಮರುವಿಚಾರಣೆಗೆ ನಾನೇ ಬರೆದುಕೊಡುತ್ತೇನೆ ಎಂದೆ. “ಬೇಡ ಮೇಡಂ, ಆ ವಿಷಯ ಮತ್ತೆ ಬರೆಯಲು ಫಾರಂ ತುಂಬಿಯಾಯಿತು” ಎಂದಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳೇ ಕೇಳಿದಳು: “ಅವತ್ತು ನಿಮ್ಮೆದುರು ಬರೆದೆನಲ್ಲ, ಒಂದೂವರೆ ಪುಟ, ಅದರ ಝೆರಾಕ್ಸ್ ಕೊಡುತ್ತೀರಾ? ಸಹಿ ಇರುವುದು ನನ್ನ ಬಳಿ ಬೇರೆ ಏನೂ ಇಲ್ಲ.”

ಝೆರಾಕ್ಸನ್ನು ಸಮಿತಿಯ ಕಡತಕ್ಕೆ ಇಟ್ಟು, ಮೂಲವನ್ನೇ ಅವಳಿಗೆ ಕೊಟ್ಟೆ.